ರೆಪೊ ಇಳಿದರೂ ಕಂತು ಏಕೆ ಇಳಿಯಲಿಲ್ಲ?

*ಪ್ರಶ್ನೆ: 2018ರ ಜೂನ್‌ನಲ್ಲಿ ಬ್ಯಾಂಕಿನಿಂದ ತೆಗೆದ ಗೃಹಸಾಲ. ಇನ್ನೂ 25 ಲಕ್ಷ ಬಾಕಿ, 12 ವರ್ಷ ಉಳಿದಿದೆ. 2025ರಲ್ಲಿ ರೆಪೊ ದರ ಒಟ್ಟು ಶೇ ಒಂದೂಕಾಲು ಇಳಿಯಿತೆಂದು ಓದಿದೆ. ನನ್ನ ಬಡ್ಡಿ ಕಳೆದ ಜೂನ್‌ನಿಂದ ಶೇ 9.35ರಲ್ಲೇ ನಿಂತಿದೆ. ಸಹೋದ್ಯೋಗಿಯದು ಶೇ 8ರ ಒಳಗೆ ಬಂದಿದೆ. ಅಪ್ಪನ ಎಫ್‌ಡಿ ನವೀಕರಿಸಲು ಹೋದರೆ ಅದರ ಬಡ್ಡಿ ಮಾತ್ರ ಆಗಲೇ ಇಳಿದಿತ್ತು. ಇದೇನು ನ್ಯಾಯ?*

*— ಓದುಗರೊಬ್ಬರು, ಹಾಸನ*

ನಿಮ್ಮ ಸಾಲದ ಹುಟ್ಟಿದ ದಿನದಲ್ಲೇ ಅರ್ಧ ಉತ್ತರವಿದೆ. 2019ರ ಅಕ್ಟೋಬರ್ 1ರ ನಂತರ ಬ್ಯಾಂಕುಗಳು ಕೊಡುವ ಬದಲಾಗುವ ಬಡ್ಡಿಯ ಗೃಹಸಾಲಗಳನ್ನೆಲ್ಲ ರೆಪೊದಂಥ, ಅಂದರೆ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ದರದಂಥ, ಹೊರಗಿನ ಮಾನದಂಡಕ್ಕೆ ಕಟ್ಟಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತು. ಅದಕ್ಕೆ ಮುಂಚಿನವು, ಸಾಲಗಾರ ತಾನಾಗಿ ಕೇಳಿ ಬದಲಿಸಿಕೊಳ್ಳದಿದ್ದರೆ, ಹಳೆಯ ಮಾನದಂಡದಲ್ಲೇ ಉಳಿದಿವೆ. ನಿಮ್ಮದು ಬಹುತೇಕ ಎಂಸಿಎಲ್‌ಆರ್ ಸಾಲ. ಸಹೋದ್ಯೋಗಿಯದು ರೆಪೊ ಸಾಲ.

ಎಂಸಿಎಲ್‌ಆರ್ ಎಂದರೆ ಬ್ಯಾಂಕ್ ತನ್ನ ಖರ್ಚನ್ನು ತಾನೇ ಲೆಕ್ಕ ಹಾಕಿ ಪ್ರತಿ ತಿಂಗಳು ಪ್ರಕಟಿಸುವ ದರ. ಠೇವಣಿ ಮತ್ತು ಇತರ ಹಣ ತರಲು ಬೀಳುವ ವೆಚ್ಚ, ಬಡ್ಡಿಯಿಲ್ಲದೆ ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕಾದ ನಗದಿನ ನಷ್ಟ, ನಿರ್ವಹಣಾ ವೆಚ್ಚ, ಅವಧಿಗೆ ಸೇರಿಸುವ ಹೆಚ್ಚುವರಿ ಎಲ್ಲವೂ ಅದರೊಳಗೆ ಬರುತ್ತವೆ. ಇದರಲ್ಲಿ ರೆಪೊಗೆ ನೇರ ಜಾಗ ತೀರಾ ಕಡಿಮೆ. ಬ್ಯಾಂಕುಗಳು ರೆಪೊದಲ್ಲಿ ತರುವ ಹಣ ಅಲ್ಪ. ಅವು ನಡೆಯುವುದೇ ಠೇವಣಿಯ ಮೇಲೆ. ಲೆಕ್ಕದ ಪೆನ್ನು ಬ್ಯಾಂಕಿನ ಕೈಯಲ್ಲೇ ಇದ್ದಾಗ ಏನಾಗುತ್ತದೆ ಎಂಬುದನ್ನು ರಿಸರ್ವ್ ಬ್ಯಾಂಕಿನ ಒಳ ಅಧ್ಯಯನ ತಂಡವೇ 2017ರಲ್ಲಿ ಬರೆದಿಟ್ಟಿತು. ಠೇವಣಿ ವೆಚ್ಚ ಇಳಿದರೂ ಮೂಲದರ ಇಳಿಸದಿರುವುದು, ಸೂತ್ರಕ್ಕೆ ಹೊಸ ಬಾಬತ್ತು ಸೇರಿಸುವುದು ಇತ್ಯಾದಿ. ಹೊರಗಿನ ಮಾನದಂಡ ಬಂದದ್ದು ಆ ವರದಿಯ ಬೆನ್ನಿಗೆ.

ಇದರ ಮೇಲೆ ಇನ್ನೊಂದು ಬೀಗವಿದೆ: ಮರುಹೊಂದಿಕೆಯ ದಿನಾಂಕ. ಎಂಸಿಎಲ್‌ಆರ್ ಗೃಹಸಾಲದ ಬಡ್ಡಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಮಾತ್ರ ಬದಲಾಗುತ್ತದೆ. 2025ರಲ್ಲಿ ರೆಪೊ ಇಳಿದದ್ದು ಫೆಬ್ರುವರಿ 7ರಂದು ಕಾಲು, ಏಪ್ರಿಲ್ 9ರಂದು ಕಾಲು, ಜೂನ್ 6ರಂದು ಅರ್ಧ, ಡಿಸೆಂಬರ್ 5ರಂದು ಕಾಲು, ಶೇ 6.50ರಿಂದ 5.25ಕ್ಕೆ. ನಿಮ್ಮ ಮರುಹೊಂದಿಕೆ ಜೂನ್ 1ಕ್ಕೆ ಎಂದಿಟ್ಟುಕೊಳ್ಳಿ. ಅತಿ ದೊಡ್ಡ ಇಳಿಕೆ ಐದು ದಿನ ತಡವಾಗಿ ಬಂತು! ಆಮೇಲೆ ಬ್ಯಾಂಕ್ ಎಂಸಿಎಲ್‌ಆರ್ ಎಷ್ಟೇ ಇಳಿಸಿದ್ದರೂ ನಿಮಗೆ ಮುಂದಿನ ಜೂನ್‌ವರೆಗೆ ತಟ್ಟುವುದಿಲ್ಲ. ರೆಪೊ ಸಾಲಕ್ಕೆ ಈ ಕಾಯುವಿಕೆ ಹೆಚ್ಚೆಂದರೆ ಮೂರು ತಿಂಗಳು.

ಇನ್ನು ತಂದೆಯವರ ಠೇವಣಿ. ಬ್ಯಾಂಕಿನ ಠೇವಣಿ 100 ರೂಪಾಯಿ, ಕೊಟ್ಟ ಸಾಲ 80 ರೂಪಾಯಿ ಎಂದು ಹಿಡಿಯಿರಿ. ಸಾಲದಲ್ಲಿ 48 ರೂಪಾಯಿ ರೆಪೊಗೆ ಕಟ್ಟಿದ್ದರೆ, ಒಂದೂಕಾಲು ಇಳಿದ ಕೂಡಲೇ ವರ್ಷದ ಆದಾಯದಲ್ಲಿ 60 ಪೈಸೆ ಹೋಯಿತು. ಠೇವಣಿಯ ಕಡೆ 65 ರೂಪಾಯಿ ಎಫ್‌ಡಿ; ಅವು ಹಳೆಯ ದರದಲ್ಲೇ ಮುದ್ದತು ಮುಗಿಸಬೇಕು. ಈ ವರ್ಷ ಮುಗಿಯುವ 30 ರೂಪಾಯಿಗೆ ಶೇ ಒಂದು ಕಡಿಮೆ ಬಡ್ಡಿ ಕೊಟ್ಟರೂ ಉಳಿಯುವುದು 30 ಪೈಸೆ. ಉಳಿದ ಅಂತರವನ್ನು ಬ್ಯಾಂಕ್ ಎಲ್ಲಿಂದ ತುಂಬಿಸಬೇಕು? ಹೊಸ ಎಫ್‌ಡಿ ದರ ಬೇಗ ಇಳಿಸುತ್ತದೆ, ಉಳಿತಾಯ ಖಾತೆಯ ಬಡ್ಡಿಯನ್ನೂ ಕೆಳಗೆ ತರುತ್ತದೆ (2025ರ ಜೂನ್‌ನಲ್ಲಿ ದೊಡ್ಡ ಬ್ಯಾಂಕುಗಳಲ್ಲಿ ಅದು ಶೇ 2.5ಕ್ಕೆ ಬಂತು), ಎಂಸಿಎಲ್‌ಆರ್ ಇಳಿಸಲು ಅವಸರ ಮಾಡುವುದಿಲ್ಲ. ಅಂದರೆ ನಿಮ್ಮ ಸಹೋದ್ಯೋಗಿಗೆ ಸಿಕ್ಕ ಲಾಭದ ಒಂದು ಪಾಲನ್ನು ನೀವೂ ನಿಮ್ಮ ತಂದೆಯವರೂ ಭರಿಸುತ್ತಿದ್ದೀರಿ. ಇದು ಪಿತೂರಿಯಲ್ಲ, ಆದರೆ ನ್ಯಾಯವೆಂದೂ ಹೇಳಲಾರೆವು. ಯಾಕೆಂದರೆ 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ಎರಡೂವರೆ ಏರಿದಾಗ ಉಳಿತಾಯ ಖಾತೆದಾರನಿಗೆ ಆ ಏರಿಕೆ ಸಿಗಲಿಲ್ಲ. ಎಫ್‌ಡಿ ದರವನ್ನು ಮಾತ್ರ ತೀರಾ ಇಳಿಸಲಾಗದು. ಹಿರಿಯ ನಾಗರಿಕರಿಗೆ ಅಂಚೆ ಕಚೇರಿಯ ಯೋಜನೆ 2025ರುದ್ದಕ್ಕೂ ಶೇ 8.2 ಕೊಡುತ್ತಲೇ ಇತ್ತು.

ಈಗ ನೀವು ಮಾಡಬಹುದಾದದ್ದು. ಶಾಖೆಯಿಂದ ಬರಹದಲ್ಲಿ ಮೂರು ವಿಷಯ ಕೇಳಿ: ಮಾನದಂಡ ಯಾವುದು, ಅದರ ಮೇಲೆ ಬ್ಯಾಂಕ್ ಸೇರಿಸುವ ಸ್ಪ್ರೆಡ್ ಎಷ್ಟು, ಮುಂದಿನ ಮರುಹೊಂದಿಕೆ ಯಾವತ್ತು. ನಂತರ ರೆಪೊ ದರಕ್ಕೆ ಬದಲಾವಣೆಯ ಅರ್ಜಿ ಕೊಡಿ. ದಂಡವಿಲ್ಲದೆ ಅವಧಿಗೆ ಮುನ್ನ ತೀರಿಸಬಹುದಾದ ಸಾಲಗಾರರು, ಅಂದರೆ ಬದಲಾಗುವ ಬಡ್ಡಿಯ ಗೃಹಸಾಲದ ವ್ಯಕ್ತಿಗಳು, ಸಮಂಜಸವಾದ ಆಡಳಿತ ಮತ್ತು ಕಾನೂನು ವೆಚ್ಚ ಬಿಟ್ಟು ಬೇರೆ ಶುಲ್ಕವಿಲ್ಲದೆ ಬದಲಿಸಿಕೊಳ್ಳಬಹುದು ಎಂದು 2019ರ ಸುತ್ತೋಲೆ ಹೇಳುತ್ತದೆ.

ನಿಮ್ಮ ಅಂಕಿಗಳನ್ನೇ ಹಾಕಿ ನೋಡೋಣ. ಶೇ 9.35ರಲ್ಲಿ 25 ಲಕ್ಷಕ್ಕೆ 144 ತಿಂಗಳ ಕಂತು ಸುಮಾರು ₹28,950. ಮುಂದಿನ ಜೂನ್‌ನಲ್ಲಿ ಎಂಸಿಎಲ್‌ಆರ್ 0.30 ಇಳಿದು ಬಡ್ಡಿ 9.05 ಆದರೆ ₹28,520. ಈಗಲೇ ರೆಪೊ 5.25ರ ಮೇಲೆ 2.65 ಸ್ಪ್ರೆಡ್ ಸೇರಿ 7.90 ಸಿಕ್ಕರೆ ₹26,920. ಬದಲಾವಣೆ ಶುಲ್ಕ 5,000 ಮತ್ತು ಜಿಎಸ್‌ಟಿ ಸೇರಿ ₹5,900 ಎಂದರೂ ಮೂರು ತಿಂಗಳಲ್ಲಿ ಅದು ವಾಪಸು ಬರುತ್ತದೆ. ಕಂತು ಇಳಿಸದೆ ಹಳೆಯ ₹28,950ನ್ನೇ ಕಟ್ಟುತ್ತ ಹೋದರೆ 144ರ ಬದಲು ಸುಮಾರು 128 ಕಂತಿಗೆ ಸಾಲ ತೀರುತ್ತದೆ. ಕಂತು ಇಳಿಸಿಕೊಂಡದ್ದಕ್ಕಿಂತ ಒಟ್ಟು ಒಂದೂವರೆ ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ. ಕಂತು ಬದಲಾಯಿಸಬೇಕೋ ಅವಧಿಯೋ ಎಂದು ಆರಿಸುವ ಹಕ್ಕನ್ನು 2023ರ ಆಗಸ್ಟ್‌ನ ಸುತ್ತೋಲೆ ನಿಮಗೇ ಕೊಟ್ಟಿದೆ.

ಸಹಿ ಹಾಕುವ ಮುನ್ನ ಸ್ಪ್ರೆಡ್ ನೋಡಿ. ರೆಪೊ ಇಳಿದಾಗ ಹೊಸಬರಿಗೆ ಸ್ಪ್ರೆಡ್ ಏರಿಸಿ ಲಾಭ ಹಿಡಿದಿಟ್ಟುಕೊಳ್ಳಲು ಬ್ಯಾಂಕಿಗೆ ಅಡ್ಡಿಯಿಲ್ಲ. ಒಮ್ಮೆ ನಿಗದಿಯಾದ ಮೇಲೆ ಮಾತ್ರ, ಸ್ಪ್ರೆಡ್‌ನಲ್ಲಿ ಸಾಲದ ಅಪಾಯಕ್ಕೆಂದು ಸೇರಿಸಿದ ಭಾಗವನ್ನು ನಿಮ್ಮ ಸಾಲಯೋಗ್ಯತೆ ಗಣನೀಯವಾಗಿ ಬದಲಾಗದ ಹೊರತು ಬದಲಿಸುವಂತಿಲ್ಲ, ಉಳಿದ ಭಾಗವನ್ನು ಮೂರು ವರ್ಷದೊಳಗೆ ಏರಿಸುವಂತಿಲ್ಲ. 2025ರ ಅಕ್ಟೋಬರ್‌ನಿಂದ, ಗ್ರಾಹಕರನ್ನು ಉಳಿಸಿಕೊಳ್ಳಲು ಈ ಉಳಿದ ಭಾಗವನ್ನು ಮೂರು ವರ್ಷಕ್ಕೂ ಮುಂಚೆ ಇಳಿಸಲು ಅವಕಾಶವಿದೆ. ಹಾಗಾಗಿ ಶಾಖೆಯಲ್ಲಿ ಚೌಕಾಶಿ ಮಾಡಲು ಹಿಂಜರಿಯಬೇಡಿ. ಬೇರೆ ಬ್ಯಾಂಕಿನ ಮಂಜೂರಾತಿ ಪತ್ರ ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ. ನಿಜವಾಗಿಯೂ ಸಾಲವನ್ನು ಅಲ್ಲಿಗೆ ಒಯ್ಯುವುದಾದರೆ ವಕೀಲರ ಅಭಿಪ್ರಾಯ, ಮೌಲ್ಯಮಾಪನ, ಹಕ್ಕುಪತ್ರ ಠೇವಣಿ ಕರಾರಿನ ಮುದ್ರಾಂಕ ಶುಲ್ಕವೆಲ್ಲ ಹೊಸದಾಗಿ ಬೀಳುತ್ತವೆ; ಅದು ಕೊನೆಯ ದಾರಿ. ರೆಪೊ ಮತ್ತೆ ಏರಿದರೆ ನಿಮ್ಮ ಬಡ್ಡಿಯೂ ಮೂರು ತಿಂಗಳೊಳಗೆ ಏರುತ್ತದೆ ಎಂಬುದು ಈ ಬದಲಾವಣೆಯ ಬೆಲೆ.

ತಂದೆಯವರ ಎಫ್‌ಡಿಗೆ ಒಂದು ಎಚ್ಚರಿಕೆ. ತಾನಾಗಿ ನವೀಕರಣವಾಗಲಿ ಎಂದು ಬಿಟ್ಟರೆ ಸಾಮಾನ್ಯವಾಗಿ ಹಳೆಯ ಅವಧಿಗೇ ಅಂದಿನ ದರದಲ್ಲಿ ಅದು ಮುಂದುವರಿಯುತ್ತದೆ, ಪಕ್ಕದ ಅವಧಿಗೆ ಹೆಚ್ಚು ಬಡ್ಡಿ ಇದ್ದರೂ. ಮುದ್ದತು ಮುಗಿಯುವ ಮುನ್ನ ದರಪಟ್ಟಿ ತೆರೆದು ಅವಧಿ ಆರಿಸಿ. ಹಳೆಯ ಹೆಚ್ಚಿನ ದರದಲ್ಲಿ ಇನ್ನೂ ನಡೆಯುತ್ತಿರುವ ಎಫ್‌ಡಿಗಳಿದ್ದರೆ ಅವನ್ನು ಮುರಿಯಬೇಡಿ. ತುರ್ತಿಗೆ ಹಣ ಬೇಕಾದರೆ ಅವುಗಳ ಮೇಲೆ ಸಾಲ ಪಡೆಯಬಹುದೇ ಎಂದು ಮೊದಲು ಕೇಳಿ.

— ಸಂಪಾದಕರು