ಹೊಸ ಮೊಟ್ಟೆ ಸುಲಿಯೋದಿಲ್ಲ ಯಾಕೆ?

ಪ್ರಶ್ನೆ: ನಾನು ಪುಣೆಯಲ್ಲಿದ್ದೀನಿ. ಅಂಗಡಿಯವನು “ಇವತ್ತೇ ಬಂದ ಮಾಲು” ಅಂತ ಒಂದು ಡಜನ್ ಮೊಟ್ಟೆ ಕೊಟ್ಟ. ಬೇಯಿಸಿ ಸುಲಿದರೆ ಅರ್ಧ ಬಿಳಿ ಸಿಪ್ಪೆ ಜೊತೆಗೇ ಕಿತ್ತು ಬಂತು. ಹಳೆ ಮೊಟ್ಟೆ ಕೊಟ್ಟು ಮೋಸ ಮಾಡಿದನಾ? ತಾಜಾ ಅಂತ ಗೊತ್ತು ಮಾಡೋದು ಹೇಗೆ?

ನಿಮ್ಮ ಅಂಗಡಿಯವನು ನಿಜವನ್ನೇ ಹೇಳಿದ್ದಾನೆ ಅನ್ನಿಸುತ್ತೆ. ಸಿಪ್ಪೆ ಅಷ್ಟು ಗಟ್ಟಿಯಾಗಿ ಅಂಟಿಕೊಂಡಿತ್ತು ಅಂದರೆ ಮೊಟ್ಟೆ ಹೊಸದೇ ಇರಬೇಕು. ಹಳೆಯದಾಗಿದ್ದರೆ ಸಲೀಸಾಗಿ ಬಿಟ್ಟುಕೊಳ್ಳುತ್ತಿತ್ತು.

ನಾನು ಡೊಂಬಿವಲಿಯಲ್ಲಿ ಮನೆಯಿಂದಲೇ ಊಟದ ಡಬ್ಬಿ ಕಳಿಸುತ್ತೇನೆ. ಬುಧವಾರ ಮೊಟ್ಟೆ ಸಾರು. 40 ಡಬ್ಬಿ, ತಲಾ ಎರಡು, ಒಟ್ಟು 80 ಮೊಟ್ಟೆ. ಮಾಮೂಲಿಯಾಗಿ ನನಗೆ ಸಿಗೋದು ದೂರದಿಂದ ಲಾರಿಯಲ್ಲಿ ಬಂದ ಮೊಟ್ಟೆ. ಅದು ದಾರಿಯಲ್ಲಿ, ಗೋಡೌನಲ್ಲಿ, ಅಂಗಡಿಯಲ್ಲಿ ಸೇರಿ ಕೆಲವು ದಿನ ಕಳೆದೇ ನನ್ನ ಅಡುಗೆಮನೆಗೆ ಬರೋದು. ಒಂದು ಸಲ ಹತ್ತಿರದ ಫಾರ್ಮಿನಿಂದ ನೇರವಾಗಿ ತರುವವರೊಬ್ಬರು ಸಿಕ್ಕರು. “ತಾಈ, ಆಜ್‌ಚಾ ಮಾಲ್ ಆಹೇ” ಅಂದರು. ಖುಷಿಯಾಗಿ ಮೂರು ಟ್ರೇ ತಗೊಂಡೆ. ಮರುದಿನ ಬೆಳಿಗ್ಗೆ ಸುಲಿಯೋಕೆ ಕೂತರೆ ಒಂದೊಂದು ಮೊಟ್ಟೆಯೂ ಸಿಡುಬು ಬಂದ ಹಾಗೆ ಗುಳಿ ಗುಳಿ. ಹನ್ನೊಂದು ಗಂಟೆಗೆ ಡಬ್ಬಿಯವನು ಬಾಗಿಲಲ್ಲಿ ನಿಂತಿದ್ದಾನೆ, ನನ್ನ ಮುಂದೆ ಮೂವತ್ತಕ್ಕೂ ಜಾಸ್ತಿ ಹರಿದ ಮೊಟ್ಟೆ. ಅವತ್ತು ಅರ್ಧ ಜನಕ್ಕೆ ಸಾರಿನ ಬದಲು ಭುರ್ಜಿ ಹೋಯಿತು. ಕುಂದಾಪುರದಲ್ಲಿರುವ ನಮ್ಮ ಅತ್ತೆಗೆ ಫೋನಿನಲ್ಲಿ ಹೇಳಿದರೆ, “ನಿನ್ನೆ ಇಟ್ಟ ಮೊಟ್ಟೆ ಯಾರಾದ್ರೂ ಬೇಯಿಸ್ತಾರಾ? ಅದು ಆಮ್ಲೆಟ್ಟಿಗೆ” ಅಂದುಬಿಟ್ಟರು. ಮನೆಯಲ್ಲಿ ಕೋಳಿ ಸಾಕಿದವರಿಗೆ ಇದೆಲ್ಲ ಗೊತ್ತು, ಅಂಗಡಿಯಿಂದ ತರುವ ನಮಗೆ ಗೊತ್ತಿಲ್ಲ, ಅಷ್ಟೇ.

ಕಾರಣ ಸಿಪ್ಪೆಯಲ್ಲೇ ಇದೆ. ನೋಡೋಕೆ ಗಟ್ಟಿ, ಆದರೆ ಅದರ ತುಂಬ ಕಣ್ಣಿಗೆ ಕಾಣದ ತೂತುಗಳು, ಸಾವಿರಗಟ್ಟಲೆ. ಕೋಳಿ ಮೊಟ್ಟೆ ಇಟ್ಟ ಗಳಿಗೆಯಿಂದ ಆ ತೂತುಗಳ ಮೂಲಕ ಎರಡು ವಸ್ತು ಹೊರಗೆ ಹೋಗುತ್ತಾ ಇರುತ್ತವೆ. ಒಂದು ನೀರಿನ ಆವಿ, ಇನ್ನೊಂದು ಕಾರ್ಬನ್ ಡೈಆಕ್ಸೈಡ್. ನಿಮ್ಮ ಎರಡು ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ನೀರು ಎಷ್ಟು ಹೋಗಿದೆ ಅನ್ನೋದರಿಂದ ಮೊಟ್ಟೆಯ ವಯಸ್ಸು ಅಂದಾಜು ಮಾಡಬಹುದು. ಗ್ಯಾಸ್ ಎಷ್ಟು ಹೋಗಿದೆ ಅನ್ನೋದರ ಮೇಲೆ ಸಿಪ್ಪೆ ಬಿಡುತ್ತೋ ಇಲ್ಲವೋ ಅನ್ನೋದು ನಿಂತಿದೆ.

ಮೊದಲು ಗ್ಯಾಸಿನ ವಿಷಯ. ಸಿಪ್ಪೆಯ ಒಳಗೆ ತೆಳ್ಳಗಿನ ಎರಡು ಪೊರೆಗಳಿವೆ. ಬಿಳಿ ಭಾಗ ತಾಗಿಕೊಂಡಿರೋದು ಒಳಗಿನ ಪೊರೆಗೆ. ಹೊಸ ಮೊಟ್ಟೆಯ ಬಿಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತೆ. ಸೋಡಾ ನೀರು ಸ್ವಲ್ಪ ಹುಳಿ ಅಲ್ವಾ, ಅದೂ ಇದೇ ಗ್ಯಾಸಿನಿಂದ. ಗ್ಯಾಸ್ ಇರುವಷ್ಟು ದಿನ ಬಿಳಿಯ ಕ್ಷಾರ ಗುಣ ಕಡಿಮೆ, ಪಿಎಚ್ 7.6ರ ಆಸುಪಾಸು. ಇಂಥ ಬಿಳಿಯನ್ನು ಬೇಯಿಸಿದಾಗ ಅದರ ಪ್ರೋಟೀನು ಪೊರೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ. ಒಂದು ಬಿಳಿ ಭಾಗ ಇನ್ನೊಂದನ್ನು ಹಿಡಿಯೋದಕ್ಕಿಂತ ಜಾಸ್ತಿ ಪೊರೆಯನ್ನು ಹಿಡಿಯುತ್ತೆ. ನೀವು ಸಿಪ್ಪೆ ಎಳೆದರೆ ಪೊರೆ ಬಿಡಲ್ಲ, ಬಿಳಿಯೇ ಹರಿಯುತ್ತೆ. ದಿನ ಕಳೆದ ಹಾಗೆ ಗ್ಯಾಸ್ ಹೋಗಿ ಪಿಎಚ್ 9 ದಾಟುತ್ತೆ, ಆಗ ಆ ಹಿಡಿತ ಸಡಿಲ. ಪೊರೆ ಸಿಪ್ಪೆ ಜೊತೆಗೇ ಬಂದುಬಿಡುತ್ತೆ.

ಇಲ್ಲೊಂದು ಒಳ್ಳೆ ಸುದ್ದಿ. ಗ್ಯಾಸ್ ಬೇಗ ಹೋಗುತ್ತೆ, ನೀರು ನಿಧಾನ. ಮೊದಲ ಕೆಲವು ದಿನಗಳಲ್ಲೇ ಹೆಚ್ಚಿನ ಗ್ಯಾಸ್ ಹೋಗಿರುತ್ತೆ. ಅಂದರೆ ಚೆನ್ನಾಗಿ ಸುಲಿಯಬೇಕು ಅಂತ ಮೊಟ್ಟೆ ಹಳಸುವ ತನಕ ಕಾಯಬೇಕಿಲ್ಲ. ಆ ಭುರ್ಜಿಯ ಬುಧವಾರದ ನಂತರ ಅದೇ ಟ್ರೇಯಲ್ಲಿ ಉಳಿದ ಮೊಟ್ಟೆಗಳಲ್ಲಿ ಎಂಟನ್ನು ಕಟ್ಟೆಯ ಮೇಲೆ ಬುಟ್ಟಿಯಲ್ಲಿಟ್ಟೆ. ಏಪ್ರಿಲ್ ತಿಂಗಳು, ನಮ್ಮ ಅಡುಗೆಮನೆಯ ಸೆಕೆ ಹೇಳೋದೇ ಬೇಡ. ಐದನೇ ದಿನ ನಾಲ್ಕು ಬೇಯಿಸಿದೆ. ಮೂರು ನುಣ್ಣಗೆ ಬಂದವು, ಒಂದರಲ್ಲಿ ಚೂರು ಗುಳಿ. ಹತ್ತನೇ ದಿನ ಉಳಿದ ನಾಲ್ಕು ಬೇಯಿಸಿದೆ. ನಾಲ್ಕೂ ಅಂಗಿ ಬಿಚ್ಚಿದ ಹಾಗೆ ಬಿಚ್ಚಿಕೊಂಡವು. ಆದರೆ ಅವುಗಳ ಹಳದಿ ನಡುವೆ ಇರಲಿಲ್ಲ, ಒಂದು ಪಕ್ಕಕ್ಕೆ ವಾಲಿತ್ತು. ಹಳೆ ಮೊಟ್ಟೆಯ ಬಿಳಿ ನೀರಾಗುತ್ತೆ, ಹಳದಿಯನ್ನು ನಡುವೆ ಹಿಡಿದಿಡೋಕೆ ಆಗಲ್ಲ. ಅಡಿಭಾಗದಲ್ಲಿ ದೊಡ್ಡ ತಗ್ಗೂ ಇತ್ತು. ಸಾರಿಗೆ ಇದರಿಂದ ಏನೂ ತೊಂದರೆಯಿಲ್ಲ. ಅರ್ಧ ಕತ್ತರಿಸಿ ತಟ್ಟೆಯಲ್ಲಿ ಜೋಡಿಸುವವರಿಗೆ ಬೇಜಾರಾಗಬಹುದು.

ಆ ತಗ್ಗು ಬಂದದ್ದು ನೀರು ಹೋದದ್ದರಿಂದ. ಒಳಗಿನ ನೀರು ಆವಿಯಾಗಿ ಹೋದಷ್ಟು ಜಾಗಕ್ಕೆ ಹೊರಗಿನ ಗಾಳಿ ಬರುತ್ತೆ. ಬಂದ ಗಾಳಿ ಮೊಟ್ಟೆಯ ದಪ್ಪ ತುದಿಯಲ್ಲಿ, ಆ ಎರಡು ಪೊರೆಗಳ ನಡುವೆ ಸೇರಿಕೊಳ್ಳುತ್ತೆ. ಸಿಪ್ಪೆಯ ಅಳತೆ ಬದಲಾಗಲ್ಲ, ತೂಕ ಮಾತ್ರ ಇಳಿಯುತ್ತೆ. ಅದಕ್ಕೇ ನೀರಿನ ಪರೀಕ್ಷೆ ಕೆಲಸ ಮಾಡೋದು. ಅಗಲವಾದ ಪಾತ್ರೆಯಲ್ಲಿ ಮೊಟ್ಟೆ ಪೂರ್ತಿ ಮುಳುಗುವಷ್ಟು ತಣ್ಣೀರು ತಗೊಂಡು ಮೆಲ್ಲಗೆ ಬಿಡಿ. ಹೊಸದು ತಳದಲ್ಲಿ ಅಡ್ಡ ಮಲಗುತ್ತೆ. ಸ್ವಲ್ಪ ದಿನ ಆದದ್ದು ಮಲಗಿದಲ್ಲೇ ದಪ್ಪ ತುದಿಯನ್ನು ಎತ್ತುತ್ತೆ, ತಲೆದಿಂಬು ಇಟ್ಟುಕೊಂಡವರ ಹಾಗೆ. ಇನ್ನೂ ಹಳೆಯದು ತಳಕ್ಕೆ ಚೂಪು ತುದಿ ಊರಿ ನೆಟ್ಟಗೆ ನಿಲ್ಲುತ್ತೆ. ತುಂಬ ಹಳೆಯದು ಮೇಲೆ ತೇಲುತ್ತೆ. ನನ್ನ ಐದನೇ ದಿನದ ಮೊಟ್ಟೆಗಳು ತುದಿ ಎತ್ತಿದ್ದು ಬರೀ ಒಂದು ಚೂರು. ಬೇಯಿಸೋಕೆ ನಾನು ಆರಿಸೋದು ಅಂಥವನ್ನೇ. ನೆಟ್ಟಗೆ ನಿಂತದ್ದನ್ನು ಅವತ್ತೇ ಬಳಸಿಬಿಡುತ್ತೇನೆ.

ಈ ಪರೀಕ್ಷೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ಇದು ಹೇಳೋದು ನೀರು ಎಷ್ಟು ಹೋಗಿದೆ ಅಂತ ಮಾತ್ರ. ನಮ್ಮ ಕಡೆ ಜುಲೈನಲ್ಲಿ ಗಾಳಿಯೇ ಒದ್ದೆ, ಬಟ್ಟೆಯೇ ಒಣಗಲ್ಲ. ಆಗ ಮೊಟ್ಟೆಯ ನೀರೂ ನಿಧಾನವಾಗಿ ಹೋಗುತ್ತೆ. ವಯಸ್ಸಾಗಿದ್ದರೂ ಅಡ್ಡ ಮಲಗಿ ಹೊಸದರ ಹಾಗೆ ನಾಟಕ ಆಡಬಹುದು. ಇನ್ನೊಂದು ಕಡೆ, ತೇಲಿದ ಮೊಟ್ಟೆ ಹಳೆಯದು ನಿಜ, ಕೆಟ್ಟದ್ದೇ ಅಂತ ಹೇಳೋಕೆ ಬರಲ್ಲ. ಒಡೆದು ಮೂಸಿದರೆ ಗೊತ್ತಾಗುತ್ತೆ, ಆ ವಾಸನೆ ಬಂದರೆ ಅನುಮಾನವೇ ಉಳಿಯಲ್ಲ. ನಾನು ತೇಲಿದ್ದನ್ನು ಒಡೆಯೋಕೂ ಹೋಗಲ್ಲ, ಬಿಸಾಕುತ್ತೇನೆ. ಐದಾರು ರೂಪಾಯಿ ಉಳಿಸೋಕೆ ಹೋಗಿ ಯಾರ ಹೊಟ್ಟೆಯನ್ನೋ ಕೆಡಿಸೋದು ಯಾಕೆ? ಮತ್ತೆ, ಸಾಲ್ಮೊನೆಲ್ಲಾದಂಥ ರೋಗಾಣು ಇದೆಯೋ ಇಲ್ಲವೋ ಅನ್ನೋದನ್ನು ನೀರೂ ಹೇಳಲ್ಲ, ಮೂಗೂ ಹೇಳಲ್ಲ. ಹೊಸ ಮೊಟ್ಟೆಯಲ್ಲೂ ಅದು ಇರಬಹುದು. ಅದಕ್ಕೆ ಚೆನ್ನಾಗಿ ಬೇಯಿಸೋದೇ ದಾರಿ. ಬಿರುಕು ಬಿಟ್ಟದ್ದನ್ನು ತರಲೇಬೇಡಿ.

ಇನ್ನೂ ಖಚಿತ ಬೇಕಾದರೆ ಒಂದನ್ನು ತಟ್ಟೆಗೆ ಒಡೆದು ನೋಡಿ. ಹೊಸದರ ಹಳದಿ ಉಬ್ಬಿ ನಿಲ್ಲುತ್ತೆ, ಸುತ್ತ ಬಿಳಿ ದಪ್ಪಗೆ ಕೂತಿರುತ್ತೆ. ಹಳೆಯದರ ಬಿಳಿ ನೀರಿನ ಹಾಗೆ ತಟ್ಟೆ ತುಂಬ ಹರಡುತ್ತೆ, ಹಳದಿ ಚಪ್ಪಟೆ. ಬಿಳಿ ಸ್ವಲ್ಪ ಮಬ್ಬಾಗಿ ಕಂಡರೆ ಹೆದರಬೇಡಿ. ಅದು ಒಳಗೆ ಉಳಿದಿರುವ ಅದೇ ಗ್ಯಾಸ್, ಅಂದರೆ ಮೊಟ್ಟೆ ತೀರಾ ಹೊಸದು. ನನ್ನ ಗಿರಾಕಿಯೊಬ್ಬರು ಇದನ್ನೇ ಕೆಟ್ಟಿದೆ ಅಂತ ಚೆಲ್ಲುತ್ತಿದ್ದರು.

ಈಗ ನಿಮ್ಮ ಡಜನ್ನಿನಲ್ಲಿ ಉಳಿದವನ್ನು ಏನು ಮಾಡೋದು? ಬೇಯಿಸೋದಿದ್ದರೆ ಹೊರಗೆ ತಂಪು ಜಾಗದಲ್ಲಿ ನಾಲ್ಕೈದು ದಿನ ಇಡಿ. ಫ್ರಿಜ್ಜಿನಲ್ಲಿಟ್ಟರೆ ಗ್ಯಾಸ್ ಹೋಗೋದೂ ನಿಧಾನ, ಹಾಗಾಗಿ ವಾರ ಹತ್ತು ದಿನ ಬೇಕು. ಒಮ್ಮೆ ಫ್ರಿಜ್ಜಿಗೆ ಹಾಕಿದ ಮೇಲೆ ಹೊರಗೆ ತಂದು ಗಂಟೆಗಟ್ಟಲೆ ಇಡಬೇಡಿ. ನಮ್ಮ ಹವೆಯಲ್ಲಿ ಸಿಪ್ಪೆ ಬೆವರುತ್ತೆ, ಒದ್ದೆ ಸಿಪ್ಪೆಯಿಂದ ಕೊಳೆ ಒಳಗೆ ಇಳಿಯೋದು ಸುಲಭ.

ಇವತ್ತೇ ಬೇಯಿಸಲೇಬೇಕು ಅಂದರೆ ತಣ್ಣೀರಲ್ಲಿ ಹಾಕಿ ಒಲೆ ಹಚ್ಚಬೇಡಿ, ನಾನು ಆ ಬುಧವಾರ ಮಾಡಿದ್ದು ಅದನ್ನೇ. ನಿಧಾನವಾಗಿ ಬಿಸಿಯಾದರೆ ಬಿಳಿಗೆ ಪೊರೆಯನ್ನು ಹಿಡಿದುಕೊಳ್ಳೋಕೆ ಸಮಯ ಸಿಗುತ್ತೆ. ನೀರು ಕುದಿ ಬಂದ ಮೇಲೆ ಸೌಟಿನಲ್ಲಿ ಒಂದೊಂದಾಗಿ ಇಳಿಸಿ. ಬಿಳಿಯ ಹೊರಪದರ ಥಟ್ಟನೆ ಗಟ್ಟಿಯಾಗುತ್ತೆ, ಅಂಟೋದು ಕಡಿಮೆ. ಪೂರ್ತಿ ಬೇಯೋಕೆ 11–12 ನಿಮಿಷ. ನಾನೀಗ ದೊಡ್ಡ ಇಡ್ಲಿ ಪಾತ್ರೆಯಲ್ಲಿ ಹಬೆ ಚೆನ್ನಾಗಿ ಬಂದ ಮೇಲೆ ತಟ್ಟೆ ತುಂಬ ಮೊಟ್ಟೆ ಜೋಡಿಸಿ ಮುಚ್ಚುತ್ತೇನೆ, 13 ನಿಮಿಷ. ಕುದಿನೀರಲ್ಲಿ ಒಂದಕ್ಕೊಂದು ತಾಗಿ ಒಡೆಯೋ ರಗಳೆ ಇಲ್ಲ. ಇಳಿಸಿದ ಕೂಡಲೇ ಐಸು ಹಾಕಿದ ನೀರಿಗೆ. ಸುಲಿಯೋದು ದಪ್ಪ ತುದಿಯಿಂದ, ಅಲ್ಲಿ ಗಾಳಿ ಜಾಗ ಇರೋದರಿಂದ ಉಗುರಿಗೆ ಪೊರೆ ಸಿಗುತ್ತೆ. ನೀರಿನೊಳಗೇ ಸುಲಿದರೆ ಇನ್ನೂ ಚೆನ್ನ.

ಉಪ್ಪು ಹಾಕಿದರೆ ಸಿಪ್ಪೆ ಬಿಡುತ್ತೆ ಅಂತಾರಲ್ಲ, ನನಗಂತೂ ಏನೂ ವ್ಯತ್ಯಾಸ ಕಂಡಿಲ್ಲ. ಬಿರುಕಿನಿಂದ ಬಿಳಿ ಹೊರಗೆ ಬಂದರೆ ಉಪ್ಪು ಅದನ್ನು ಬೇಗ ಗಟ್ಟಿ ಮಾಡುತ್ತೆ, ಅಷ್ಟೇ ಉಪಯೋಗ. ಲೀಟರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ ನೋಡಿದೆ. ಚೂರು ಸುಲಭ ಆದ ಹಾಗಿತ್ತು, ಆದರೆ ಮೊಟ್ಟೆಯ ವಾಸನೆ ಜೋರಾಯಿತು. ಆ ಫಾರ್ಮಿನವರಿಂದ ನಾನು ಈಗಲೂ ತಗೊಳ್ಳುತ್ತೇನೆ. ಶುಕ್ರವಾರ ತರಿಸಿ ಟ್ರೇ ಮೇಲೆ ಸೀಸದಕಡ್ಡಿಯಲ್ಲಿ ತಾರೀಕು ಬರೆದಿಡುತ್ತೇನೆ, ಒಡೆಯೋದು ಮುಂದಿನ ಬುಧವಾರ.