ಎರಡು ಡಾಲರ್, ಒಂದು ಚಿನ್ನ

*ಸಂಪಾದಕರೇ, ಡಾಲರ್ ಇಳಿದರೆ ಚಿನ್ನ ಏರುತ್ತದೆ ಅಂತ ನಿಮ್ಮ ಪತ್ರಿಕೆಯಲ್ಲಿ ಓದುತ್ತೇನೆ. ನಮ್ಮೂರ ಚಿನ್ನದಂಗಡಿಯವರು ಡಾಲರ್ ಏರಿದರೆ ಚಿನ್ನ ಏರುತ್ತದೆ ಅಂತಾರೆ. 2024ರಲ್ಲಿ ಎರಡೂ ಒಟ್ಟಿಗೆ ಏರಿದ್ದನ್ನು ನಾನೇ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಯಾರನ್ನು ನಂಬಲಿ?*
– ಒಬ್ಬ ನಿವೃತ್ತ ಶಿಕ್ಷಕರು, ತಿಪಟೂರು

ಮೇಷ್ಟ್ರೇ, ನಿಮ್ಮ ಡೈರಿಯನ್ನು ನಂಬಿ. ಅಂಗಡಿಯವರು ಹೇಳಿದ್ದೂ ಸುಳ್ಳಲ್ಲ, ನಾವು ಬರೆದಿದ್ದೂ ಸುಳ್ಳಲ್ಲ. ಆದರೆ ನಾವಿಬ್ಬರೂ ಮಾತಾಡುತ್ತಿರುವುದು ಬೇರೆ ಬೇರೆ ಡಾಲರ್ ಬಗ್ಗೆ. ಅದನ್ನು ಬಿಡಿಸಿ ಹೇಳದೆ ಸುಮ್ನೆ ತಲೆಬರಹ ಕೊಟ್ಟಿದ್ದು ನಮ್ಮದೇ ತಪ್ಪು.

ನಾವು ಬರೆಯುವ ಡಾಲರ್ ಅಂದರೆ ಡಾಲರ್ ಸೂಚ್ಯಂಕ. ಯೂರೋ, ಯೆನ್, ಪೌಂಡ್, ಕೆನಡಾ ಡಾಲರ್, ಸ್ವೀಡನ್ನಿನ ಕ್ರೋನಾ, ಸ್ವಿಸ್ ಫ್ರಾಂಕ್, ಈ ಆರು ಹಣಗಳ ಎದುರು ಅಮೆರಿಕದ ಡಾಲರ್ ಎಷ್ಟು ಗಟ್ಟಿ ಅಂತ ಅದು ಹೇಳುತ್ತದೆ. ಅದರಲ್ಲಿ ಯೂರೋ ಒಂದರದ್ದೇ ಅರ್ಧಕ್ಕಿಂತ ಜಾಸ್ತಿ ಪಾಲು. ರೂಪಾಯಿಗೆ ಅಲ್ಲಿ ಜಾಗವೇ ಇಲ್ಲ. ಅಂಗಡಿಯವರ ಡಾಲರ್ ಅಂದರೆ ಒಂದು ಡಾಲರಿಗೆ ಎಷ್ಟು ರೂಪಾಯಿ ಅನ್ನುವುದು. ಅವರ ಲೆಕ್ಕಕ್ಕೆ ಆಮೇಲೆ ಬರೋಣ.

ಜಗತ್ತಿನಲ್ಲಿ ಚಿನ್ನದ ಬೆಲೆ ಹೇಳುವುದು ಡಾಲರಿನಲ್ಲಿ, ಔನ್ಸ್ ಲೆಕ್ಕದಲ್ಲಿ. ಒಂದು ಔನ್ಸ್ ಅಂದರೆ 31.1 ಗ್ರಾಂ. ಅಕ್ಕಿ ಅಳೆಯುವ ಸೇರು ಚಿಕ್ಕದಾಯಿತು ಅಂತಿಟ್ಟುಕೊಳ್ಳಿ. ಮೂಟೆಯಲ್ಲಿರುವ ಅಕ್ಕಿ ಅಷ್ಟೇ, ಆದರೆ ಅಳೆದರೆ ಜಾಸ್ತಿ ಸೇರು ಬರುತ್ತದೆ. ಡಾಲರ್ ಇಳಿದಾಗ ಚಿನ್ನ ಏರುವುದರಲ್ಲಿ ಮೊದಲ ಪಾಲು ಇಷ್ಟೇ.

2017ನೇ ಇಸವಿ ಇದಕ್ಕೆ ಒಳ್ಳೆಯ ಉದಾಹರಣೆ. ವರ್ಷದ ಶುರುವಿನಲ್ಲಿ ಔನ್ಸಿಗೆ ಸುಮಾರು 1,150 ಡಾಲರ್ ಇದ್ದ ಚಿನ್ನ ಕೊನೆಗೆ 1,300ರ ಹತ್ತಿರ ಬಂತು. ಶೇ. 13 ಏರಿಕೆ. ಅದೇ ವರ್ಷ ಒಂದು ಯೂರೋ 1.05 ಡಾಲರಿನಿಂದ 1.20 ಡಾಲರಿಗೆ ಹೋಯಿತು. ಈಗ ಭಾಗಿಸಿ ನೋಡಿ. ಯೂರೋ ಲೆಕ್ಕದಲ್ಲಿ ಚಿನ್ನ ಶುರುವಿನಲ್ಲಿ 1,095, ಕೊನೆಯಲ್ಲಿ 1,083. ಜರ್ಮನಿಯವನಿಗೆ ಆ ವರ್ಷ ಚಿನ್ನ ಏರಲೇ ಇಲ್ಲ! ಇಳಿದದ್ದು ಡಾಲರ್. ಅಮೆರಿಕದವರಿಗೆ ಅದು ಚಿನ್ನದ ಏರಿಕೆಯಂತೆ ಕಂಡಿತು, ಅಷ್ಟೆ.

ಎರಡನೇ ಪಾಲು ಬಡ್ಡಿಯದ್ದು. ಚಿನ್ನ ಪೆಟ್ಟಿಗೆಯಲ್ಲಿಟ್ಟರೆ ಬಡ್ಡಿ ಬರುವುದಿಲ್ಲ. ಅಮೆರಿಕದ ಸರ್ಕಾರಿ ಬಾಂಡಿನಲ್ಲಿ ಬೆಲೆಯೇರಿಕೆ ಕಳೆದ ಮೇಲೂ ಒಳ್ಳೆಯ ಬಡ್ಡಿ ಉಳಿಯುತ್ತದೆ ಅಂದರೆ ದುಡ್ಡು ಅಲ್ಲಿಗೆ ಹೋಗುತ್ತದೆ. ಅದಕ್ಕೆ ಡಾಲರ್ ಬೇಕು, ಹಾಗಾಗಿ ಡಾಲರ್ ಏರುತ್ತದೆ, ಚಿನ್ನ ಮೂಲೆಗೆ ಬೀಳುತ್ತದೆ. ಬಡ್ಡಿ ಇಳಿದಾಗ ಇದೇ ಕಥೆ ಹಿಂದುಮುಂದು. ಅಂದರೆ ಎಷ್ಟೋ ಸಲ ಡಾಲರ್ ಚಿನ್ನವನ್ನು ಎಳೆಯುವುದಿಲ್ಲ. ಇಬ್ಬರನ್ನೂ ಎಳೆಯುವುದು ಬಡ್ಡಿ.

ಇನ್ನು ನಿಮ್ಮ 2024. ಹಳೆಯ ಲೆಕ್ಕ ಹಿಡಿದವರೆಲ್ಲ ಅಲ್ಲಿ ಎಡವಿದರು. 2022ರ ಮಾರ್ಚ್‌ನಲ್ಲಿ ಹತ್ತಿರಹತ್ತಿರ ಸೊನ್ನೆಯಲ್ಲಿದ್ದ ಅಮೆರಿಕದ ಬಡ್ಡಿಯನ್ನು 2023ರ ಜುಲೈ ಹೊತ್ತಿಗೆ ಶೇ. 5.25–5.50ಕ್ಕೆ ಏರಿಸಿದ್ದರು. ಚಿನ್ನ ಬೀಳಬೇಕಿತ್ತು, ಅಲ್ವಾ? ಆದರೆ 2024ರಲ್ಲಿ ಅದು ಸುಮಾರು 2,060 ಡಾಲರಿನಿಂದ 2,620ಕ್ಕೆ ಏರಿತು. ಡಾಲರ್ ಸೂಚ್ಯಂಕವೂ 101ರಿಂದ 108ರ ಆಸುಪಾಸಿಗೆ ಬಂತು. ಮತ್ತೆ ಯೂರೋದಲ್ಲಿ ಭಾಗಿಸಿ. 1,870 ಇದ್ದದ್ದು 2,520ರ ಹತ್ತಿರ ಹೋಗಿದೆ. ಈ ಸಲ ಸೇರು ಚಿಕ್ಕದಾಗಿಲ್ಲ, ಸ್ವಲ್ಪ ದೊಡ್ಡದೇ ಆಗಿದೆ. ಆದರೂ ಜಾಸ್ತಿ ಸೇರು ಬಂದಿದೆ ಅಂದರೆ ಮೂಟೆಗೇ ಬೇಡಿಕೆ ಬಂದಿದೆ ಅಂತ.

ಬೇಡಿಕೆ ಇಟ್ಟವರಲ್ಲಿ ಮುಖ್ಯರು ಬೇರೆ ಬೇರೆ ದೇಶಗಳ ಕೇಂದ್ರ ಬ್ಯಾಂಕುಗಳು. 2022ರ ಫೆಬ್ರುವರಿಯಲ್ಲಿ ರಷ್ಯಾ ಯುಕ್ರೇನ್ ಮೇಲೆ ನುಗ್ಗಿತು. ಅಮೆರಿಕ, ಯುರೋಪು ಮತ್ತು ಜೊತೆಗಾರರು ತಮ್ಮ ಕಡೆ ರಷ್ಯಾ ಇಟ್ಟಿದ್ದ ಸುಮಾರು 300 ಶತಕೋಟಿ ಡಾಲರಿನಷ್ಟು ಮೀಸಲು ಹಣವನ್ನು ತಡೆಹಿಡಿದರು. ಇದನ್ನು ನೋಡಿದ ಬೇರೆ ದೇಶಗಳಿಗೆ ಒಂದು ವಿಷಯ ಹೊಳೆಯಿತು. ಡಾಲರ್ ಇನ್ನೊಬ್ಬರ ಲೆಕ್ಕದ ಪುಸ್ತಕದಲ್ಲಿರುವ ಹಣ. ಚಿನ್ನವನ್ನು ನಮ್ಮದೇ ತಿಜೋರಿಯಲ್ಲಿಟ್ಟು ಬೀಗ ಹಾಕಬಹುದು. 2022, 2023, 2024, ಮೂರೂ ವರ್ಷ ಕೇಂದ್ರ ಬ್ಯಾಂಕುಗಳು ಸಾವಿರ ಟನ್ನಿಗೂ ಹೆಚ್ಚು ಚಿನ್ನ ಕೊಂಡವು. ನಮ್ಮ ರಿಸರ್ವ್ ಬ್ಯಾಂಕ್ 2024ರಲ್ಲಿ 70 ಟನ್ನಿಗೂ ಹೆಚ್ಚು ಕೊಂಡಿತು. ಇಂಥವರು ಈ ವಾರ ಡಾಲರ್ ಎಷ್ಟು, ಬಡ್ಡಿ ಎಷ್ಟು ಅಂತ ನೋಡಿ ಕೊಳ್ಳುವವರಲ್ಲ. ಅದಕ್ಕೇ ನಂಟು ಸಡಿಲವಾಯಿತು. ಮುರಿದೇ ಹೋಯಿತು ಅಂತ ನಾನು ಹೇಳುವುದಿಲ್ಲ. 2025ರಲ್ಲಿ ಡಾಲರ್ ಇಳಿದಾಗ ಚಿನ್ನ ಇನ್ನೂ ಜೋರಾಗಿ ಓಡಿತು.

ನಂಟು ಇನ್ನೊಂದು ರೀತಿಯಲ್ಲೂ ಮೋಸ ಮಾಡುತ್ತದೆ. 2020ರ ಮಾರ್ಚ್ ನೆನಪಿಸಿಕೊಳ್ಳಿ. ಕೊರೊನಾ ಭಯದಲ್ಲಿ ಎಲ್ಲರೂ ಚಿನ್ನಕ್ಕೆ ಓಡಬೇಕಿತ್ತು. ಆದರೆ ಹತ್ತು ದಿನಗಳಲ್ಲಿ ಅದು 1,680 ಡಾಲರಿನಿಂದ 1,480ರ ಕೆಳಗೆ ಬಿತ್ತು. ಷೇರಿನಲ್ಲಿ ಸಾಲ ಮಾಡಿ ಆಡಿದವರಿಗೆ ಸಾಲ ಕೊಟ್ಟವರು ದುಡ್ಡು ಕೇಳತೊಡಗಿದ್ದರು. ಕೈಯಲ್ಲಿ ಚೆನ್ನಾಗಿ ಮಾರಾಟವಾಗುವ ವಸ್ತು ಚಿನ್ನ, ಅದನ್ನೇ ಮಾರಿದರು. ಬೆಳೆ ಹೋದ ವರ್ಷ ರೈತ ಮೊದಲು ಒಡವೆಯನ್ನೇ ತಾನೇ ತೆಗೆಯುವುದು? ಇಲ್ಲಿ ಡಾಲರ್ ಏರಿ ಚಿನ್ನ ಇಳಿದದ್ದರಿಂದ ನಿಯಮ ಸರಿಯಾಗಿಯೇ ಇದೆ ಅನ್ನಿಸಬಹುದು. ಆದರೆ ಕಾರಣ ಬೇರೆ. ಆಗ ಅಮೆರಿಕದಲ್ಲಿ ಬಡ್ಡಿಯನ್ನು ಸೊನ್ನೆಗೆ ಇಳಿಸುತ್ತಿದ್ದರು! ಇಂಥ ದಿನಗಳನ್ನು ಗುರುತಿಸುವುದು ಸುಲಭ. ಷೇರು, ಕಚ್ಚಾತೈಲ, ಬೆಳ್ಳಿ, ಚಿನ್ನ ಎಲ್ಲ ಒಟ್ಟಿಗೆ ಬೀಳುತ್ತವೆ, ಡಾಲರ್ ಒಂದೇ ಏರುತ್ತದೆ. ಇದು ಹೆಚ್ಚು ದಿನ ಇರಲಿಲ್ಲ. ಆಗಸ್ಟ್ ಹೊತ್ತಿಗೆ ಚಿನ್ನ 2,000 ಡಾಲರ್ ದಾಟಿತ್ತು.

ಈಗ ನಿಮ್ಮ ಅಂಗಡಿಯವರ ಲೆಕ್ಕ. ನಾವು ಚಿನ್ನ ತರಿಸಿಕೊಳ್ಳುವುದು ಹೊರಗಿನಿಂದ. ಹಾಗಾಗಿ ಇಲ್ಲಿನ ಬೆಲೆ ಅಂದರೆ ಔನ್ಸಿನ ಡಾಲರ್ ಬೆಲೆಯನ್ನು ರೂಪಾಯಿಗೆ ತಿರುಗಿಸಿ, ಗ್ರಾಂ ಲೆಕ್ಕಕ್ಕೆ ಇಳಿಸಿ, ಮೇಲೆ ಆಮದು ಸುಂಕ ಹಾಕಿದ್ದು. 2011ರ ಸೆಪ್ಟೆಂಬರ್‌ನಲ್ಲಿ ಚಿನ್ನ 1,900 ಡಾಲರ್, ಡಾಲರಿಗೆ 46 ರೂಪಾಯಿ ಆಸುಪಾಸು. ಹತ್ತು ಗ್ರಾಂಗೆ ಸುಮಾರು 28,100 ರೂಪಾಯಿ, ಸುಂಕ 300 ರೂಪಾಯಿ ಬೇರೆ. 2013ರ ಆಗಸ್ಟ್ ಕೊನೆಯಲ್ಲಿ ಚಿನ್ನ 1,400 ಡಾಲರಿಗೆ ಕುಸಿದಿತ್ತು. ಆದರೆ ರೂಪಾಯಿಯೂ ಕುಸಿದು ಡಾಲರಿಗೆ 68 ಆಗಿತ್ತು, ಸುಂಕ ಶೇ. 10ಕ್ಕೆ ಏರಿತ್ತು. ಲೆಕ್ಕ ಹಾಕಿದರೆ 33,600 ದಾಟುತ್ತದೆ. ಜಗತ್ತಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಅಗ್ಗವಾದ ಚಿನ್ನ ತಿಪಟೂರಿನಲ್ಲಿ ತುಟ್ಟಿಯಾಗಿತ್ತು. ಆ ವರ್ಷ ಗಲ್ಲಾದ ಮುಂದೆ ಕೂತವರಿಗೆ ಡಾಲರ್ ಏರಿದರೆ ಚಿನ್ನ ಏರುತ್ತದೆ ಅನ್ನುವುದು ಕಣ್ಣಾರೆ ಕಂಡ ಸತ್ಯ.

ಡೈರಿಯಲ್ಲಿ ಈಗಿರುವ ಎರಡು ಕಲಂ ಪಕ್ಕ ಇನ್ನೆರಡು ಗೆರೆ ಎಳೆಯಿರಿ. ಒಂದರಲ್ಲಿ ಯೂರೋ ಲೆಕ್ಕದ ಚಿನ್ನ, ಇನ್ನೊಂದರಲ್ಲಿ ಆಮದು ಸುಂಕ. ಸುಂಕ ಯಾಕೆ ಅಂದರೆ, 2024ರ ಜುಲೈ 23ರ ಪುಟ ತೆಗೆದು ನೋಡಿ. ಅವತ್ತು ಇಲ್ಲಿ ಹತ್ತು ಗ್ರಾಂಗೆ ಸಾವಿರಾರು ರೂಪಾಯಿ ಒಂದೇ ಏಟಿಗೆ ಇಳಿದಿರುತ್ತದೆ. ಅದಕ್ಕೆ ನಮ್ಮ ಡಾಲರೂ ಕಾರಣವಲ್ಲ, ಅಂಗಡಿಯವರ ಡಾಲರೂ ಅಲ್ಲ. ಬಜೆಟ್‌ನಲ್ಲಿ ಸುಂಕವನ್ನು ಶೇ. 15ರಿಂದ ಶೇ. 6ಕ್ಕೆ ಇಳಿಸಿದ್ದರು.