ಖಾಲಿ ಕುರ್ಚಿ ನಿಮ್ಮ ಕಾರ್ಖಾನೆಯ ಒಳಗೇ ಇದೆ

ಮೇಡಂ, ಬೆಳಗಾವಿಯ ಉದ್ಯಮಬಾಗದ ಒಂದು ಮಷೀನಿಂಗ್ ಘಟಕದಲ್ಲಿ ಏಳು ವರ್ಷಗಳಿಂದ ವಿಎಂಸಿ ಎಂಬ ಕಂಪ್ಯೂಟರ್ ನಿಯಂತ್ರಿತ ಲೋಹ ಕೊರೆಯುವ ಯಂತ್ರದ ಆಪರೇಟರ್ ಆಗಿದ್ದೇನೆ. ಪ್ರೋಗ್ರಾಮರ್ ಆಗಿ ಹತ್ತರಗಿಯ ವಿಮಾನ ಬಿಡಿಭಾಗಗಳ ಕಾರ್ಖಾನೆ ಸೇರುವ ಆಸೆ. ಈಗ ಎಲ್ಲೂ ನೇಮಕಾತಿ ಇಲ್ಲ. ಓವರ್‌ಟೈಮ್ ನಿಂತು ಸಂಬಳ 25,000 ರೂಪಾಯಿಯಿಂದ 18,500ಕ್ಕೆ ಇಳಿದಿದೆ, ಮನೆಖರ್ಚು 20,000. ಎಫ್‌ಡಿಯಲ್ಲಿ 1,80,000 ಇದೆ. ಕೆಲಸ ಬಿಟ್ಟು, ಪಿಎಫ್ ತೆಗೆದು, ಸಾಲ ಮಾಡಿ ಸಣ್ಣ ಗೂಡ್ಸ್ ಗಾಡಿ ಕೊಳ್ಳು ಎಂದು ಭಾವ ಹಟ ಹಿಡಿದಿದ್ದಾರೆ. ನಮ್ಮ ಪ್ರೋಗ್ರಾಮರ್ ಬಿಟ್ಟುಹೋದ ಮೇಲೆ ಹೊಸಬರನ್ನು ತೆಗೆದುಕೊಂಡಿಲ್ಲ. ಮೊನ್ನೆ ಎರಕದ ಕಬ್ಬಿಣದ ಪಂಪ್ ಕವರಿನ ರಂಧ್ರಗಳಿಗೆ ಪ್ರೋಗ್ರಾಮಿನಲ್ಲಿ G83 ಆದೇಶದ ಬದಲು G81 ಹಾಕಿದೆ, ಪೀಸಿಗೆ 40 ಸೆಕೆಂಡ್ ಉಳಿಯಿತು. ಅದು ಇರಲಿ, ಗಾಡಿ ಕೊಳ್ಳಲೇ?

"ಅದು ಇರಲಿ" ಎಂದು ನೀವು ಬದಿಗೆ ಸರಿಸಿದ ಆ ವಾಕ್ಯವನ್ನು ಓದಿ ನನಗೆ ಸಿಟ್ಟೇ ಬಂತು. ಎರಕದ ಕಬ್ಬಿಣದ ಚೂರು ತುಂಡುತುಂಡಾಗಿ ತಾನೇ ಉದುರುತ್ತದೆ. ರಂಧ್ರ ಆಳವಿಲ್ಲದಿದ್ದರೆ G83ಯಂತೆ ಡ್ರಿಲ್ಲನ್ನು ಪದೇ ಪದೇ ಮೇಲೆತ್ತಿ ಚೂರು ಹೊರಹಾಕುವ ಅಗತ್ಯವಿಲ್ಲ. G81ರಲ್ಲಿ ಒಂದೇ ಇಳಿತಕ್ಕೆ ಕೆಲಸ ಮುಗಿಯುತ್ತದೆ. ಇದನ್ನು ಗುರುತಿಸಿದವರು ಬಟನ್ ಒತ್ತುವ ಆಪರೇಟರ್ ಅಲ್ಲ. ಪಾಳಿಗೆ 60 ಪೀಸ್ ಎಂದಿಟ್ಟುಕೊಳ್ಳಿ: 2,400 ಸೆಕೆಂಡ್, ಅಂದರೆ ದಿನವೂ ಒಂದು ಯಂತ್ರದ 40 ನಿಮಿಷ. ಆರ್ಡರ್ ಕಡಿಮೆಯಾಗಿ ದರಕ್ಕಾಗಿ ಗುದ್ದಾಡುತ್ತಿರುವ ಮಾಲೀಕರಿಗೆ ಆ ನಿಮಿಷಗಳ ಬೆಲೆ ಚೆನ್ನಾಗಿ ಗೊತ್ತು.

ನೇಮಕಾತಿ ನಿಂತಾಗ ಹೊರಗಿನ ಬಾಗಿಲು ಮುಚ್ಚುತ್ತದೆ, ನಿಜ. ಆದರೆ ಬಿಟ್ಟುಹೋದವರ ಕೆಲಸ ನಿಲ್ಲುವುದಿಲ್ಲ, ಅದನ್ನು ಒಳಗಿನವರೇ ಯಾರಾದರೂ ಮಾಡಲೇಬೇಕು. ಒಳ್ಳೆಯ ದಿನಗಳಲ್ಲಿ ಪ್ರೋಗ್ರಾಂ ಮುಟ್ಟಲೂ ಬಿಡದ ಮ್ಯಾನೇಜರ್ ಈಗ ಬಿಡುತ್ತಾರೆ. ಹತ್ತರಗಿಯ ಕಾರ್ಖಾನೆಗಳು ಮತ್ತೆ ಜನರನ್ನು ಕರೆದಾಗ "ಕಲಿಯುತ್ತೇನೆ" ಎನ್ನುವವರಿಗಿಂತ "ಮಾಡಿದ್ದೇನೆ" ಎನ್ನುವವರ ಮಾತನ್ನು ಮೊದಲು ಕೇಳುತ್ತವೆ.

ನಿಮ್ಮ ಭಾವನವರ ವಿಷಯದಲ್ಲಿ ನನಗೆ ಕನಿಕರವಿಲ್ಲ. ತಮ್ಮ ದುಡ್ಡು ಪಣಕ್ಕಿಲ್ಲದವರ ಧೈರ್ಯವನ್ನು ನಂಬಬೇಡಿ ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಆ ಗಾಡಿ ಯಾವ ಸರಕು ಹೊರಬೇಕು? ಉದ್ಯಮಬಾಗದ, ಮಚ್ಛೆಯ ಫೌಂಡ್ರಿಗಳ ಎರಕವನ್ನೇ ಅಲ್ಲವೇ? ನಿಮ್ಮ ಓವರ್‌ಟೈಮ್ ಕಿತ್ತುಕೊಂಡ ಹಿಂಜರಿತ ಗಾಡಿಯ ಬಾಡಿಗೆಯನ್ನೂ ಕಿತ್ತುಕೊಳ್ಳುತ್ತದೆ, ಕಂತು ಮಾತ್ರ ತಪ್ಪದೆ ಬರುತ್ತದೆ. ಇನ್ನು ಪಿಎಫ್ ಜೊತೆ ಪಿಂಚಣಿಯ ಸೇವಾವಧಿಯೂ ಇದೆ. ಪಿಂಚಣಿಗೆ ಹತ್ತು ವರ್ಷ ಬೇಕು. ಏಳಕ್ಕೇ ಪಿಂಚಣಿಯ ಹಣವನ್ನೂ ತೆಗೆದರೆ ಎಣಿಕೆ ಮತ್ತೆ ಮೊದಲಿನಿಂದ ಶುರು. ಕಾರ್ಖಾನೆ ಬದಲಿಸಿದಾಗ ಅದೇ ಯುಎಎನ್‌ನಲ್ಲಿ ವರ್ಗಾಯಿಸಿಕೊಳ್ಳಿ, ಸಾಕು.

ನಿಮ್ಮ ಕೊರತೆ ತಿಂಗಳಿಗೆ 1,500, ವರ್ಷಕ್ಕೆ 18,000. ಅಷ್ಟೇ. ಎಫ್‌ಡಿಯಲ್ಲಿ 1,20,000 ಆರು ತಿಂಗಳ ಮನೆಖರ್ಚು. ಕೆಲಸವೇ ಹೋದರೆ ಮಾತ್ರ ಅದನ್ನು ಮುಟ್ಟಿ. ಉಳಿದ 60,000ದಲ್ಲಿ ವರ್ಷದ ಕೊರತೆ ಕಳೆದರೂ 42,000 ಉಳಿಯುತ್ತದೆ. ಬೆಳಗಾವಿಯ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಪಾಳಿಗೆ ಹೊಂದುವ, ಕಂಪ್ಯೂಟರಿನಲ್ಲಿ ಯಂತ್ರದ ಪ್ರೋಗ್ರಾಂ ತಯಾರಿಸುವ ಕ್ಯಾಮ್ ತರಬೇತಿ ಇದೆಯೇ ಎಂದು ವಿಚಾರಿಸಿ, ಶುಲ್ಕವನ್ನು ಈ ಹಣದಿಂದ ಕಟ್ಟಿ. ಇಡೀ ಮೊತ್ತ ಒಂದೇ ಎಫ್‌ಡಿಯಲ್ಲಿದ್ದರೆ ನವೀಕರಣದ ವೇಳೆ ಮೂರ್ನಾಲ್ಕಾಗಿ ಒಡೆಯಿರಿ. ಚಿಕ್ಕ ತುರ್ತಿಗೆ ಎಲ್ಲದರ ಬಡ್ಡಿಗೂ ಹೊಡೆತ ಬೀಳುವುದಿಲ್ಲ. ಈ ಲೆಕ್ಕಕ್ಕೂ ಮಿತಿಯಿದೆ. ಸಂಬಳ ಎರಡು ತಿಂಗಳು ಸತತವಾಗಿ ತಡವಾದರೆ ಘಟಕವೇ ಅಲುಗಾಡುತ್ತಿದೆ ಎಂದರ್ಥ. ಆಗ ಸಂಬಳ ಸ್ವಲ್ಪ ಕಡಿಮೆಯಾದರೂ ಬೇರೆಡೆ ಇದೇ ಯಂತ್ರದ ಮುಂದೆ ನಿಲ್ಲಿ, ಕಸುಬು ಬಿಡಬೇಡಿ.

ಮೊದಲು ಗಾಡಿಯ ಮಾತಿಗೆ ಇಲ್ಲವೆನ್ನಿ. ಆಮೇಲೆ ಮಾಡಬೇಕಾದದ್ದು ಒಂದೇ. ಸೋಮವಾರ ಪ್ರೊಡಕ್ಷನ್ ಮ್ಯಾನೇಜರ್ ಬಳಿ ಹೋಗಿ, ನಿಮ್ಮ ಪಾಳಿಯ ಪ್ರೋಗ್ರಾಂ ತಿದ್ದುವ ಕೆಲಸವನ್ನು ನಿಮಗೇ ವಹಿಸುವಂತೆ ಕೇಳಿ. ಸಂಬಳದ ಮಾತು ಈಗ ಬೇಡ, ಲಿಖಿತ ಅನುಮತಿ ಬೇಕೇ ಬೇಕು. ಅನುಮತಿಯಿಲ್ಲದೆ ತಿದ್ದಿ ಒಂದು ಟೂಲ್ ಮುರಿದರೂ ಹೊಣೆ ನಿಮ್ಮ ತಲೆಗೆ ಬರುತ್ತದೆ. ಹಳೆಯ ಪ್ರೋಗ್ರಾಮಿನ ಪ್ರತಿ ಇಟ್ಟುಕೊಂಡು, ಮೊದಲ ಪೀಸನ್ನು ಒಂದೊಂದೇ ಸಾಲಾಗಿ ನಡೆಯುವ ಸಿಂಗಲ್ ಬ್ಲಾಕಿನಲ್ಲಿ ಓಡಿಸಿ, ರಂಧ್ರದ ಅಳತೆ ನೋಡಿ. ಡ್ರಿಲ್ ಮೊದಲಿಗಿಂತ ಬೇಗ ಸವೆಯುತ್ತಿದ್ದರೆ ಉಳಿಸಿದ ಸೆಕೆಂಡು ಲಾಭವಲ್ಲ, ಹಳೆಯ ಪ್ರೋಗ್ರಾಮನ್ನೇ ಮತ್ತೆ ಹಾಕಿ. ಪ್ರತಿ ಬದಲಾವಣೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಲೋಹ, ಹಳೆಯ ಸಮಯ, ಹೊಸ ಸಮಯ, ತಿರಸ್ಕೃತವಾದ ಪೀಸ್ ಎಷ್ಟು. ಗ್ರಾಹಕರ ಡ್ರಾಯಿಂಗನ್ನು ಮಾತ್ರ ಮೊಬೈಲಿನಲ್ಲಿ ತೆಗೆದುಕೊಳ್ಳಬೇಡಿ. ನಾಳೆ ಸಂದರ್ಶನದಲ್ಲಿ ಮೇಜಿನ ಮೇಲಿಡಬೇಕಾದದ್ದು ಆ ನೋಟ್‌ಬುಕ್. ಅದರ ಮೊದಲ ಪುಟಕ್ಕೆ ಪಂಪ್ ಕವರಿನ ಲೆಕ್ಕ ಇವತ್ತೇ ಏರಲಿ.